ಇಎಸ್‌ಐ ಬಳಸಿದ ಅನುಭವ: ರಜೆ ದುಡ್ಡಿನ ಲೆಕ್ಕ ಗೊತ್ತಿರಲಿ

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಕಾರ್ಮಿಕರ ವಿಮೆ ಯೋಜನೆಯಾದ ಇಎಸ್‌ಐ ಬಳಸುತ್ತ ವರ್ಷಗಳಾದವು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರು ಇದರ ವ್ಯಾಪ್ತಿಗೆ ಬರುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. ಈ ಮಿತಿ ನೋಡುವಾಗ ಓಟಿ ದುಡ್ಡು ಸೇರಿಸುವುದಿಲ್ಲ. ನಮ್ಮ ಸಂಬಳದಿಂದ ಹೋಗುವುದು ಶೇ 0.75, ಮಾಲೀಕರು ಹಾಕುವುದು ಶೇ 3.25. ಅಂದರೆ 18,000 ಸಂಬಳಕ್ಕೆ ನಮ್ಮಿಂದ 135, ಅವರಿಂದ 585 ರೂಪಾಯಿ.

ಚಿಕಿತ್ಸೆ ಹೆಂಡತಿ, ಮಕ್ಕಳಿಗೂ, ನಮ್ಮನ್ನೇ ನೆಚ್ಚಿಕೊಂಡಿರುವ ತಂದೆ ತಾಯಿಗೂ ಸಿಗುತ್ತದೆ. ನಮ್ಮ ತಂದೆಯ ಬಿಪಿ ಮಾತ್ರೆ ಇವತ್ತಿಗೂ ಡಿಸ್ಪೆನ್ಸರಿಯಿಂದಲೇ ಬರುತ್ತದೆ. ಕ್ಯೂ ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಬೇಕು. ದೊಡ್ಡ ಕಾಯಿಲೆಯಾದರೆ ಅಲ್ಲಿಂದ ಇಎಸ್‌ಐ ಆಸ್ಪತ್ರೆಗೆ, ಬೇಕಾದರೆ ಒಪ್ಪಂದದ ಖಾಸಗಿ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ.

ನಮ್ಮ ಶಾಪ್‌ನಲ್ಲಿ ತುಂಬ ಜನ ಕಳೆದುಕೊಳ್ಳುವುದು ಕಾಯಿಲೆ ರಜೆಯ ದುಡ್ಡನ್ನು. ನಮ್ಮ ಜೊತೆಯ ಹುಡುಗನಿಗೆ ಫೆಬ್ರವರಿಯಲ್ಲಿ ಡೆಂಗಿ ಬಂದು ಹತ್ತು ದಿನ ಮಲಗಿದ. ಅವನ ಸರಾಸರಿ ದಿನಗೂಲಿ 600 ರೂಪಾಯಿ. ಇಎಸ್‌ಐ ಅದರ ಶೇ 70 ಕೊಡುತ್ತದೆ, ಅಂದರೆ ದಿನಕ್ಕೆ 420. ಮೊದಲ ಎರಡು ದಿನಕ್ಕೆ ದುಡ್ಡಿಲ್ಲ, ಉಳಿದ ಎಂಟು ದಿನಕ್ಕೆ 3,360 ರೂಪಾಯಿ ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಜನವರಿಯಿಂದ ಜೂನ್‌ವರೆಗಿನ ಕಾಯಿಲೆಗೆ ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ ನೋಡುತ್ತಾರೆ. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನಕ್ಕೆ ವಂತಿಗೆ ಕಟ್ಟಿರಬೇಕು. ಅವನು ಆಗ ಇದ್ದ ಕಂಪನಿ ದುಡಿದ ದಿನಗಳನ್ನು ಕಡಿಮೆ ತೋರಿಸಿತ್ತು. ದುಡಿದವನಿಗೆ ಹೀಗೆ ಮಾಡುವುದು ಅನ್ಯಾಯ. ಇಎಸ್‌ಐಸಿ ಪೋರ್ಟಲ್‌ನಲ್ಲಿ ನಿಮ್ಮ ಇನ್ಶೂರೆನ್ಸ್ ನಂಬರ್ ಹಾಕಿ ಲಾಗಿನ್ ಆದರೆ ಪ್ರತಿ ತಿಂಗಳು ಎಷ್ಟು ದಿನ, ಎಷ್ಟು ಸಂಬಳ ಎಂದು ತೋರಿಸಿದ್ದಾರೆ ಅನ್ನುವುದು ಕಾಣುತ್ತದೆ. ಸಂಬಳದ ಚೀಟಿ ಪಕ್ಕದಲ್ಲಿಟ್ಟು ಹೋಲಿಸಿ. ವ್ಯತ್ಯಾಸ ಇದ್ದರೆ ಎಚ್‌ಆರ್‌ಗೆ ಆಗಲೇ ಬರೆದು ಕೊಡಿ, ಕಾಯಿಲೆ ಬರುವವರೆಗೆ ಬಿಡಬೇಡಿ.

ಈ ದುಡ್ಡು ವರ್ಷಕ್ಕೆ ಹೆಚ್ಚೆಂದರೆ 91 ದಿನ. ಡಿಸ್ಪೆನ್ಸರಿ ಡಾಕ್ಟರ ಸರ್ಟಿಫಿಕೇಟ್ ಬೇಕೇ ಬೇಕು. ಟಿಬಿ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಶೇ 80ರಂತೆ ಹೆಚ್ಚು ಕಾಲ ಸಿಗುತ್ತದೆ, ಆದರೆ ಅದಕ್ಕೆ ಎರಡು ವರ್ಷ ಸೇವೆ ಆಗಿರಬೇಕು. ಹೆರಿಗೆಗೆ 26 ವಾರ ಪೂರ್ತಿ ಕೂಲಿ ಬರುತ್ತದೆ.

ಕೆಲಸದಲ್ಲಿ ಪೆಟ್ಟಾದರೆ ಈ 78 ದಿನದ ಷರತ್ತು ಇಲ್ಲ, ಸೇರಿದ ಮೊದಲ ದಿನವೇ ಆದರೂ ಹಕ್ಕಿದೆ. ಕೂಲಿಯ ಶೇ 90 ಕೊಡುತ್ತಾರೆ, ಅಂದರೆ 600ಕ್ಕೆ 540. ಬೆರಳಿಗೆ ಪೆಟ್ಟಾದಾಗ ಕಂಪನಿಯವರು ಹತ್ತಿರದ ಕ್ಲಿನಿಕ್‌ನಲ್ಲಿ ಹೊಲಿಗೆ ಹಾಕಿಸಿ ಮನೆಗೆ ಕಳಿಸಿದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಅಪಘಾತದ ಪುಸ್ತಕದಲ್ಲಿ ಬರೆಸಿ, ಇಎಸ್‌ಐಗೆ ವರದಿ ಹೋಗಿದೆಯೇ ಎಂದು ಕೇಳಿ.