285 ಎಫ್‌ಪಿಎಸ್‌ನ ಎಂ4: ಇಂಗ್ಲೆಂಡಿನ ಕಾಡಿನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಟೋಕಿಯೋ ಮರುಯಿ ಕಂಪನಿಯ ಎಲೆಕ್ಟ್ರಿಕ್ ಎಂ4 ಗನ್ ನನ್ನ ಹತ್ತಿರ ಕೆಲವು ವರ್ಷಗಳಿಂದ ಇದೆ. ರೆಡಿಂಗ್ ಸುತ್ತಮುತ್ತಲ ಕಾಡುಗಳಲ್ಲಿ ಏರ್‌ಸಾಫ್ಟ್, ಅಂದರೆ ಚಿಕ್ಕ ಪ್ಲಾಸ್ಟಿಕ್ ಗುಂಡು ಹಾರಿಸುವ ನಕಲಿ ಬಂದೂಕಿನ ಆಟ, ಆಡೋಕೆ ಇದನ್ನೇ ಒಯ್ಯುತ್ತೇನೆ. ಮಳೆ, ಕೆಸರು, ಕೈ ಮರಗಟ್ಟುವ ಚಳಿ ಎಲ್ಲವನ್ನೂ ನೋಡಿದೆ. ಹೊಸದಾಗಿ ಆಟಕ್ಕೆ ಬರುವ ನಮ್ಮ ಕನ್ನಡದ ಹುಡುಗರು ಇದನ್ನು ಕೈಗೆ ತಗೊಂಡ ತಕ್ಷಣ ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ಎಷ್ಟು ಎಫ್‌ಪಿಎಸ್ ಹೊಡೆಯುತ್ತೆ?" ಎಫ್‌ಪಿಎಸ್ ಅಂದರೆ ಗುಂಡು ಸೆಕೆಂಡಿಗೆ ಎಷ್ಟು ಅಡಿ ವೇಗದಲ್ಲಿ ಹೊರಡುತ್ತದೆ ಅನ್ನೋ ಲೆಕ್ಕ. 285ರ ಆಸುಪಾಸು ಅಂದರೆ ಮುಖ ಸಪ್ಪಗಾಗುತ್ತದೆ. ಅಂಗಡಿಯಲ್ಲಿ 350ರ ಗನ್ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಇಷ್ಟು ದಿನದ ಬಳಕೆಯಲ್ಲಿ ನನಗೆ ಖಚಿತವಾದ ಮಾತು ಇದು: ದೂರವನ್ನೂ ಗುರಿಯನ್ನೂ ಕೊಡೋದು ಹಾಪ್‌ಅಪ್, ಅಂದರೆ ಗುಂಡಿಗೆ ಹಿಮ್ಮುಖ ಸುತ್ತು ಕೊಡುವ ಭಾಗ. ಸ್ಪ್ರಿಂಗ್‌ನ ಬಲ ಆಮೇಲಿನ ಮಾತು.

285 ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಈ ಗನ್ ಜಪಾನಿನ ಮಾರುಕಟ್ಟೆಗೆ ಅಂತ ಮಾಡಿದ್ದು. ಅಲ್ಲಿನ ಕಾನೂನಿನಲ್ಲಿ 6 ಮಿಲಿಮೀಟರ್ ಬಿಬಿಗೆ, ಅಂದರೆ ಈ ಪ್ಲಾಸ್ಟಿಕ್ ಗುಂಡಿಗೆ, ಶಕ್ತಿಯ ಮಿತಿ 0.989 ಜೂಲ್. ಕಂಪನಿ ಆ ಗೆರೆಗಿಂತ ಸಾಕಷ್ಟು ಕೆಳಗೇ ನಿಲ್ಲುತ್ತದೆ. 0.20 ಗ್ರಾಂ ಬಿಬಿ 285 ಎಫ್‌ಪಿಎಸ್‌ನಲ್ಲಿ ಹೊರಟರೆ ಶಕ್ತಿ ಸುಮಾರು 0.75 ಜೂಲ್ ಅಷ್ಟೇ. ಬ್ರಿಟನ್‌ನಲ್ಲಿ 2017ರಲ್ಲಿ ಕಾನೂನಿಗೆ ಸೇರಿಸಿದ ಮಿತಿ ಇದಕ್ಕಿಂತ ಜಾಸ್ತಿ. ಟ್ರಿಗರ್ ಒಮ್ಮೆ ಒತ್ತಿ ಹಿಡಿದರೆ ಒಂದಾದ ಮೇಲೊಂದು ಹೊಡೆಯಬಲ್ಲ ಗನ್‌ಗೆ 1.3 ಜೂಲ್, ಪ್ರತಿ ಸಲವೂ ಒತ್ತಲೇಬೇಕಾದ ಗನ್‌ಗೆ 2.5 ಜೂಲ್. ನೀವು ಆಟದಲ್ಲಿ ಒಂದೊಂದೇ ಹೊಡೆಯುತ್ತೀರಾ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಗನ್‌ಗೆ ಫುಲ್ ಆಟೋ ಸಾಮರ್ಥ್ಯ ಇದ್ದರೆ 1.3ರ ಗೆರೆಯೇ ಅನ್ವಯ. ಅದನ್ನು ದಾಟಿದ ಗನ್ ಕಾನೂನಿನ ಕಣ್ಣಿನಲ್ಲಿ ಏರ್‌ಸಾಫ್ಟ್ ಆಗಿ ಉಳಿಯೋದಿಲ್ಲ.

ಆಟ ನಡೆಸುವ ಫೀಲ್ಡ್‌ಗಳು ಈ ಗೆರೆಗಿಂತ ಕೆಳಗೇ ಮಿತಿ ಇಡುತ್ತವೆ. ಸಾಮಾನ್ಯವಾಗಿ ಆಟೋ ಗನ್‌ಗಳಿಗೆ 0.20 ಗ್ರಾಂ ಬಿಬಿಯಲ್ಲಿ 350 ಎಫ್‌ಪಿಎಸ್, ಅಂದರೆ 1.14 ಜೂಲ್ ಮಿತಿ ಇಟ್ಟಿರುತ್ತಾರೆ. ಬೋಲ್ಟ್ ಎಳೆದು ಹೊಡೆಯುವ ಸ್ನೈಪರ್‌ಗಳಿಗೆ 500 ಎಫ್‌ಪಿಎಸ್ ತನಕ ಬಿಡುವುದುಂಟು. ಆದರೆ ಅವರು ಹತ್ತಿರದವರಿಗೆ ಹೊಡೆಯುವಂತಿಲ್ಲ. ಬಹಳ ಕಡೆ ಕನಿಷ್ಠ ಅಂತರ 30 ಮೀಟರ್. ಒಳಾಂಗಣದ ಫೀಲ್ಡ್‌ಗಳಲ್ಲಿ ಮಿತಿ ಇನ್ನೂ ಕಡಿಮೆ ಇರುವುದುಂಟು, ಫುಲ್ ಆಟೋ ಬೇಡವೇ ಬೇಡ ಅನ್ನೋರೂ ಇದ್ದಾರೆ. ಹೋಗುವ ಮುಂಚೆ ಆ ಫೀಲ್ಡ್‌ನ ನಿಯಮ ಓದಿಕೊಳ್ಳಿ. ನನ್ನ ಎಂ4 ಎಲ್ಲ ಕಡೆ ನಿರಾಳವಾಗಿ ಪಾಸಾಗುತ್ತದೆ. ಒಂದೇ ಗನ್ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ಅನುಕೂಲ.

ಈಗ ಹಾಪ್‌ಅಪ್. ಇದರಲ್ಲಿ ಮಾಯ ಏನೂ ಇಲ್ಲ. ಬ್ಯಾರಲ್‌ನ ಹಿಂತುದಿಗೆ ಒಂದು ಸಣ್ಣ ರಬ್ಬರ್ ಕೊಳವೆ ತೊಡಿಸಿರುತ್ತಾರೆ. ಅದರ ಮೇಲ್ಭಾಗದಲ್ಲಿ ಒಳಮುಖವಾಗಿ ಒಂದು ಉಬ್ಬು. ಡಯಲ್ ತಿರುಗಿಸಿದರೆ ಮೇಲಿನಿಂದ ಒಂದು ಚಿಕ್ಕ ತುಂಡು ಆ ಉಬ್ಬನ್ನು ಇನ್ನಷ್ಟು ಕೆಳಗೆ ಒತ್ತುತ್ತದೆ. ಬಿಬಿ ಮುಂದಕ್ಕೆ ಹೋಗುವಾಗ ಅದರ ತಲೆ ಅಲ್ಲಿ ಉಜ್ಜಿಕೊಂಡು, ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೊರಡುತ್ತದೆ. ಹಾಗೆ ತಿರುಗುವ ಚೆಂಡನ್ನು ಗಾಳಿ ಮೇಲಕ್ಕೆ ಎತ್ತುತ್ತದೆ. ಆ ಎತ್ತುವಿಕೆ ಬಿಬಿಯ ತೂಕಕ್ಕೆ ಸರಿಸಮ ಆದರೆ ಅದು ನೆಲಕ್ಕೆ ಸಮನಾಗಿ ಬಹಳ ದೂರ ಹೋಗುತ್ತದೆ. ಸ್ಪ್ರಿಂಗ್ ಎಷ್ಟೇ ಗಟ್ಟಿ ಇರಲಿ, ಈ ಸುತ್ತು ಸರಿ ಇಲ್ಲದಿದ್ದರೆ ಬಿಬಿ ಬೇಗ ಬಿದ್ದುಹೋಗುತ್ತದೆ, ಇಲ್ಲವೇ ಮರದ ತುದಿ ಕಡೆ ಏರಿಬಿಡುತ್ತದೆ.

ಈ ಎಂ4ನಲ್ಲಿ ಚಾರ್ಜಿಂಗ್ ಹ್ಯಾಂಡಲ್ ಎಳೆದರೆ ಬೋಲ್ಟ್ ಹಿಂದೆ ಸರಿದು ಅಲ್ಲೇ ನಿಲ್ಲುತ್ತದೆ. ಕಿಂಡಿಯಲ್ಲಿ ಡಯಲ್ ಕಾಣುತ್ತದೆ. ಬೆಳಗ್ಗೆ ಆಟಕ್ಕೆ ಮುಂಚೆ ಶೂಟಿಂಗ್ ರೇಂಜಿನಲ್ಲಿ ಡಯಲನ್ನು ಪೂರ್ತಿ ಸಡಿಲಿಸಿ ಶುರು ಮಾಡುತ್ತೇನೆ. ಗನ್ ನೆಟ್ಟಗೆ ಹಿಡಿದು ಒಂದೊಂದೇ ಹೊಡೆದು ಬಿಬಿ ಎಲ್ಲಿ ಇಳಿಯುತ್ತದೆ ಅಂತ ನೋಡೋದು, ಡಯಲ್ ಒಂದು ಹಲ್ಲು ಬಿಗಿ ಮಾಡೋದು, ಮತ್ತೆ ಹೊಡೆಯೋದು. ಬಿಬಿ ಬಹುದೂರ ಸಮನಾಗಿ ಹೋಗಿ, ಕೊನೆಯಲ್ಲಿ ಚೂರೇ ಚೂರು ತಲೆ ಎತ್ತಿ ಇಳಿದರೆ ಸಾಕು. ಮಧ್ಯದಲ್ಲೇ ಮೇಲಕ್ಕೆ ಹಾರಿದರೆ ಬಿಗಿ ಜಾಸ್ತಿ ಆಯಿತು ಅಂತ ಅರ್ಥ. ಯಾವ ತೂಕದ ಬಿಬಿಯಲ್ಲಿ ಆಡುತ್ತೀರೋ ಅದರಲ್ಲೇ ಹೊಂದಿಸಬೇಕು. ಭಾರದ ಬಿಬಿಗೆ ಹೆಚ್ಚು ಸುತ್ತು ಬೇಕು. 0.20ಕ್ಕೆ ಹೊಂದಿಸಿ 0.28 ತುಂಬಿದರೆ ಬೇಗ ಇಳಿಯುತ್ತದೆ, ಉಲ್ಟಾ ಮಾಡಿದರೆ ಆಕಾಶಕ್ಕೆ.

ನಾನು ಕಾಡಿನಲ್ಲಿ ಬಳಸೋದು ಮಣ್ಣಿನಲ್ಲಿ ಕ್ರಮೇಣ ಕೊಳೆಯುವ 0.28 ಗ್ರಾಂ ಬಯೋ ಬಿಬಿ. ಹೊರಡುವಾಗ ನಿಧಾನ, ಹೆಚ್ಚುಕಡಿಮೆ 240 ಎಫ್‌ಪಿಎಸ್. ಆದರೆ ಗಾಳಿಗೆ ಅಷ್ಟಾಗಿ ಅಲ್ಲಾಡುವುದಿಲ್ಲ, ವೇಗವನ್ನೂ ಬೇಗ ಕಳೆದುಕೊಳ್ಳೋದಿಲ್ಲ. 40 ಮೀಟರ್ ದೂರದಲ್ಲಿ ಮರದ ಪಕ್ಕ ಕಾಣುವ ಹೆಗಲಿಗೆ ನಂಬಿಕೆಯಿಂದ ಹೊಡೆಯಬಹುದು. ಒಂದೇ ಕೊರತೆ: ಎದುರಿನವರಿಗೆ ಸದ್ದು ಕೇಳಿ ಸರಿದುಕೊಳ್ಳಲು ಒಂದಿಷ್ಟು ಸಮಯ ಸಿಗುತ್ತದೆ.

ಬಿಬಿ ಎಡಕ್ಕೋ ಬಲಕ್ಕೋ ಬಾಗುತ್ತಿದ್ದರೆ ಮೊದಲು ನಿಮ್ಮ ಹಿಡಿತ ನೋಡಿ. ಗನ್ ವಾಲಿಸಿ ಹೊಡೆದರೆ ಸುತ್ತೂ ವಾಲುತ್ತದೆ, ಬಿಬಿ ಆ ಕಡೆಗೇ ತಿರುಗುತ್ತದೆ. ಮರದ ಮರೆಯಿಂದ ಬಗ್ಗಿ ಹೊಡೆಯುವಾಗ ಹೊಸಬರಿಗೆಲ್ಲ ಆಗೋದು ಇದೇ. ನೆಟ್ಟಗೆ ಹಿಡಿದರೂ ಬಾಗಿದರೆ ರಬ್ಬರ್ ತಿರುಚಿಕೊಂಡಿರಬಹುದು, ಸವೆದಿರಬಹುದು. ಒಂದು ಸಲ ಹತ್ತಿರ, ಒಂದು ಸಲ ದೂರ ಬೀಳುತ್ತಿದ್ದರೆ ಬಹಳ ಸಲ ಕಾರಣ ಎಣ್ಣೆ. ಬ್ಯಾರಲ್‌ಗೆ ಸಿಲಿಕೋನ್ ಎಣ್ಣೆ ಹೊಡೆಯುವ ಅಭ್ಯಾಸ ಕೆಲವರಿಗಿದೆ. ರಬ್ಬರ್‌ಗೆ ಎಣ್ಣೆ ಹತ್ತಿದರೆ ಬಿಬಿ ಜಾರುತ್ತದೆ, ಸುತ್ತು ಹತ್ತೋದಿಲ್ಲ. ನಾನು ಹಾಪ್ ಪೂರ್ತಿ ಸಡಿಲಿಸಿ, ಕಡ್ಡಿಗೆ ಬಟ್ಟೆ ಸುತ್ತಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ಯಾರಲ್ ಒರೆಸುತ್ತೇನೆ. ಆಮೇಲೆ ಒಣ ಬಟ್ಟೆ. ಅಷ್ಟೇ ಆರೈಕೆ. ಇನ್ನು ಚಳಿಯಲ್ಲಿ ರಬ್ಬರ್ ಗಡುಸಾಗುವುದರಿಂದ ಬೇಸಿಗೆಯ ಹೊಂದಿಕೆ ಡಿಸೆಂಬರ್‌ನಲ್ಲಿ ನಡೆಯೋದಿಲ್ಲ.

ಎಫ್‌ಪಿಎಸ್ ಒಂದನ್ನೇ ನೋಡಿದರೆ ಎಂಥ ಎಡವಟ್ಟು ಆಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಗುಂಪಿಗೆ ಬಂದ ದಾವಣಗೆರೆಯ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಗ್ಯಾಸ್ ರೈಫಲ್ ತಂದಿದ್ದ. ಬಿಬಿಯ ವೇಗ ಅಳೆಯುವ ಕ್ರೋನೋ ಮೇಜಿನಲ್ಲಿ 0.20 ಬಿಬಿ ಹಾಕಿ ಹೊಡೆದಾಗ 340 ಬಂತು. 1.07 ಜೂಲ್, ಒಳ್ಳೆಯದೇ. ಆಟದ ಮೇಲ್ವಿಚಾರಣೆ ಮಾಡುವ ಮಾರ್ಷಲ್ ಕೇಳಿದರು, ಆಡೋದು ಯಾವ ತೂಕದಲ್ಲಿ ಅಂತ. 0.32 ಅಂದ. ಅದನ್ನೇ ಹಾಕಿಸಿ ಹೊಡೆಸಿದಾಗ 300 ತೋರಿಸಿತು. ನಂಬರ್ ಇಳಿಯಿತಲ್ಲ ಅಂತ ಹುಡುಗ ಖುಷಿಯಾದ. ಆದರೆ ಶಕ್ತಿ ಅಂದರೆ ಕಿಲೋಗ್ರಾಂನಲ್ಲಿ ತೂಕದ ಅರ್ಧವನ್ನು, ಸೆಕೆಂಡಿಗೆ ಮೀಟರ್ ಲೆಕ್ಕದ ವೇಗದ ವರ್ಗದಿಂದ ಗುಣಿಸಿದ್ದು. ಲೆಕ್ಕ ಹಾಕಿದರೆ 1.34 ಜೂಲ್. ಫೀಲ್ಡ್‌ನ ಮಿತಿಯಷ್ಟೇ ಅಲ್ಲ, ಕಾನೂನಿನ 1.3 ಕೂಡ ದಾಟಿತ್ತು.

ಇದಕ್ಕೆ ಆಟಗಾರರು ಜೂಲ್ ಕ್ರೀಪ್ ಅನ್ನುತ್ತಾರೆ. ಭಾರದ ಬಿಬಿ ಬ್ಯಾರಲ್‌ನಲ್ಲಿ ನಿಧಾನವಾಗಿ ಸಾಗುತ್ತದೆ. ಅಷ್ಟು ಹೊತ್ತೂ ಗ್ಯಾಸ್ ಹಿಂದಿನಿಂದ ತಳ್ಳುತ್ತಲೇ ಇರುತ್ತದೆ, ಹಾಗಾಗಿ ಹೊರಬರುವಾಗ ಶಕ್ತಿ ಜಾಸ್ತಿ ಆಗಿರುತ್ತದೆ. ನನ್ನ ಎಲೆಕ್ಟ್ರಿಕ್ ಗನ್‌ನಲ್ಲಿ ಪಿಸ್ಟನ್ ತಳ್ಳುವ ಗಾಳಿಗೆ ಒಂದು ಅಳತೆ ಇದೆ, ಅದು ಮುಗಿದರೆ ಮುಗಿಯಿತು. ಅದಕ್ಕೇ ಇಲ್ಲಿ ಈ ಏರಿಕೆ ಲೆಕ್ಕಕ್ಕೆ ಬರುವಷ್ಟು ಇಲ್ಲ. ಬಿಸಿಲು ಏರಿದಂತೆ ಗ್ಯಾಸಿನ ಒತ್ತಡವೂ ಏರುತ್ತದೆ, ಬೆಳಗ್ಗೆ ಪಾಸಾದ ಗ್ಯಾಸ್ ಗನ್ ಮಧ್ಯಾಹ್ನ ಫೇಲ್ ಆಗಬಹುದು. ಆ ಹುಡುಗ ಅವತ್ತು ಬಾಡಿಗೆ ಗನ್‌ನಲ್ಲಿ ಆಡಿದ. ಮಾರ್ಷಲ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಕ್ರೋನೋದಲ್ಲಿ ಯಾರೂ ಕೇಳದಿದ್ದರೂ ನಿಮ್ಮ ಬಿಬಿಯ ತೂಕ ನೀವಾಗಿ ಹೇಳಿ.

ಸುರಕ್ಷತೆಯಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡದ ವಿಷಯ ಕಣ್ಣು. ಕೆಲಸದ ಅಂಗಡಿಯಲ್ಲಿ ಸಿಗುವ ಸೇಫ್ಟಿ ಕನ್ನಡಕಗಳ ಮೇಲೆ ಇಎನ್166 ಅಂತ ಬರೆದಿರುತ್ತದೆ. ಅದು ಇದ್ದರೆ ಸಾಕು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಗಾಜಿನ ಮೇಲೂ ಫ್ರೇಮ್ ಮೇಲೂ ಇರುವ ಇನ್ನೊಂದು ಅಕ್ಷರ ನೋಡಬೇಕು. ಎಫ್ ಇದ್ದರೆ, 0.86 ಗ್ರಾಂನ 6 ಮಿಲಿಮೀಟರ್ ಉಕ್ಕಿನ ಗುಂಡನ್ನು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷೆ ಮಾಡಿದ್ದಾರೆ ಅಂತ. ಅದರ ಶಕ್ತಿ ಸುಮಾರು 0.87 ಜೂಲ್. ಅಂದರೆ 350 ಎಫ್‌ಪಿಎಸ್‌ನ ಬಿಬಿಗಿಂತಲೂ ಕಡಿಮೆ! ಬಿ ಅಕ್ಷರಕ್ಕೆ ಅದೇ ಗುಂಡು ಸೆಕೆಂಡಿಗೆ 120 ಮೀಟರ್, ಶಕ್ತಿ 6 ಜೂಲ್ ಮೇಲೆ. ಕಿವಿಗೆ ಸಿಕ್ಕಿಸುವ ಕನ್ನಡಕಕ್ಕೆ ಈ ಮಾನಕದಲ್ಲಿ ಎಫ್‌ಗಿಂತ ಮೇಲಿನ ದರ್ಜೆಯೇ ಇಲ್ಲ. ಅದಕ್ಕೆ ಮುಖಕ್ಕೆ ಸುತ್ತಲೂ ಕೂರುವ, ಬಿ ಅಕ್ಷರದ ಗಾಗಲ್ ತಗೊಳ್ಳಿ. ಹಲ್ಲಿಗೆ ಕೆಳಗಿನ ಮಾಸ್ಕ್ ಬೇರೆ. ಆಟದ ಮಧ್ಯೆ ಗಾಜು ಮಂಜಾದರೆ ಗಾಗಲ್ ಎತ್ತಿ ಒರೆಸಬೇಡಿ. ಕೈ ಮೇಲೆತ್ತಿ, ಸೇಫ್ ಝೋನ್ ತನಕ ನಡೆದು ಬನ್ನಿ. ಯಾರದ್ದಾದರೂ ಗಾಗಲ್ ಕಳಚಿದ್ದು ಕಂಡರೆ ಸೀಸ್‌ಫೈರ್ ಅಂತ ಜೋರಾಗಿ ಕೂಗಿ.

ಇನ್ನೊಂದು, ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಗನ್ ಖಾಲಿ ಆಗೋದಿಲ್ಲ. ಹಾಪ್‌ಅಪ್ ಹತ್ತಿರ ಬಿಬಿ ಉಳಿದಿರುತ್ತದೆ. ಆಟದ ಜಾಗ ಬಿಡುವ ಮುಂಚೆ ಮ್ಯಾಗಜಿನ್ ತೆಗೆದು, ಸುರಕ್ಷಿತ ದಿಕ್ಕಿಗೆ ಎರಡು ಮೂರು ಸಲ ಹೊಡೆದು ಖಾಲಿ ಮಾಡಿ, ಸೇಫ್ಟಿಗೆ ಹಾಕಿ, ಬ್ಯಾರಲ್ ಬಾಯಿಗೆ ಕವರ್ ತೊಡಿಸಿ. ಸೇಫ್ ಝೋನ್‌ನಲ್ಲಿ ಸುಮ್ನೆ ಟ್ರಿಗರ್ ಒತ್ತಿ ನೋಡೋದು ಬೇಡವೇ ಬೇಡ. ಮನೆಯಿಂದ ಫೀಲ್ಡ್‌ಗೆ ಹೋಗುವಾಗ ಗನ್ ಚೀಲದೊಳಗೇ ಇರಲಿ. ಸಾರ್ವಜನಿಕ ಜಾಗದಲ್ಲಿ ಸಕಾರಣವಿಲ್ಲದೆ ನಕಲಿ ಬಂದೂಕು ಹಿಡಿದು ಓಡಾಡೋದು ಇಲ್ಲಿ ಅಪರಾಧ. ಪೊಲೀಸರಿಗೆ ದೂರದಿಂದ ಇದು ನಿಜದ ಎಂ4 ತರಹವೇ ಕಾಣುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಇದು ನಿಜದ ಬಂದೂಕಿನ ಪಡಿಯಚ್ಚು ಆದ್ದರಿಂದ, ಬ್ರಿಟನ್‌ನಲ್ಲಿ 18 ತುಂಬಿದವರಿಗೂ ನೇರವಾಗಿ ಮಾರೋದಿಲ್ಲ. ನಿಯಮಿತವಾಗಿ ಆಡುವವರು ಅಂತ ಅಂಗಡಿಗೆ ಖಾತ್ರಿ ಬೇಕು. ಅದಕ್ಕೆ ಬಹುತೇಕರು ಏರ್‌ಸಾಫ್ಟ್ ಅಂಗಡಿಗಳ ಸಂಘವಾದ ಯುಕಾರಾದ ನೋಂದಣಿ ನೋಡುತ್ತಾರೆ: ಒಂದೇ ಫೀಲ್ಡ್‌ನಲ್ಲಿ ಕನಿಷ್ಠ 3 ಆಟ, ಅದೂ 56 ದಿನಕ್ಕೆ ಕಡಿಮೆ ಇಲ್ಲದ ಅವಧಿಯಲ್ಲಿ. ಆ ಎರಡು ತಿಂಗಳು ಬಾಡಿಗೆ ಗನ್‌ನಲ್ಲಿ ಆಡಿ. ದುಡ್ಡನ್ನು ಮೊದಲು ಗಾಗಲ್‌ಗೆ ಹಾಕಿ.

ಇಷ್ಟು ವರ್ಷದಲ್ಲಿ ನನ್ನ ಎಂ4ಗೆ ಬದಲಿಸಿದ್ದು ಹಾಪ್ ರಬ್ಬರ್ ಮಾತ್ರ. ಹೊಸ ರಬ್ಬರ್ ಹಾಕಿದಾಗ ಮೊದಲ ಕೆಲವು ನೂರು ಬಿಬಿ ಹಿಂದೆ ಮುಂದೆ ಬಿದ್ದವು, ಆಮೇಲೆ ಸರಿಹೋಯಿತು. 350ಕ್ಕೆ ಏರಿಸುವ ಗಟ್ಟಿ ಸ್ಪ್ರಿಂಗ್ ಹಾಕಿಸು ಅಂತ ಗೆಳೆಯರು ಹೇಳುತ್ತಲೇ ಇರುತ್ತಾರೆ. ಹಾಕಿಸಿದರೆ ಗೇರ್‌ಗೂ ಮೋಟಾರ್‌ಗೂ ಭಾರ ಜಾಸ್ತಿ, ಕೆಲವು ಒಳಾಂಗಣದ ಫೀಲ್ಡ್‌ಗಳ ಬಾಗಿಲು ಬಂದ್. ನಾನಂತೂ ಹಾಕಿಸೋದಿಲ್ಲ.