ಎಕರೆಗೆ ಎಷ್ಟು ಟನ್ ಕಬ್ಬು? ಮೆಷಿನ್ ಲರ್ನಿಂಗ್ ಸಾಕೇ, ಡೀಪ್ ಲರ್ನಿಂಗ್ ಬೇಕೇ?

ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಕಬ್ಬು ವಿಭಾಗದ ಮ್ಯಾನೇಜರ್ ನೀವು ಎಂದಿಟ್ಟುಕೊಳ್ಳೋಣ. ಯಾವ ತಾಕಿನಿಂದ ಎಷ್ಟು ಟನ್ ಬಂದೀತು ಎಂದು ಮೊದಲೇ ತಿಳಿದರೆ ಕಟಾವು ಪರ್ಮಿಟ್ ಹಂಚುವುದು ಸಲೀಸು. ಈ ಕೆಲಸಕ್ಕೆ ನನ್ನ ಆಯ್ಕೆ ಹಳೆಯ ಮೆಷಿನ್ ಲರ್ನಿಂಗ್. ಅದರಲ್ಲೂ ಹೌದು-ಇಲ್ಲ ಪ್ರಶ್ನೆಗಳಿಂದ ಕವಲೊಡೆಯುತ್ತ ಉತ್ತರ ಮುಟ್ಟುವ ನಿರ್ಧಾರದ ಮರಗಳನ್ನು ಸಾಲಾಗಿ ಕಟ್ಟಿ, ಒಂದು ಮರ ತಪ್ಪಿದಷ್ಟನ್ನು ಮುಂದಿನ ಮರ ತಿದ್ದುತ್ತ ಹೋಗುವ ಗ್ರೇಡಿಯಂಟ್ ಬೂಸ್ಟಿಂಗ್.

ಡೀಪ್ ಲರ್ನಿಂಗ್ ಕೂಡ ಮೆಷಿನ್ ಲರ್ನಿಂಗ್‌ನದೇ ಒಂದು ಬಗೆ, ಅದರಲ್ಲಿ ಕಲಿಯುವುದು ಹಲವು ಪದರಗಳ ನ್ಯೂರಲ್ ನೆಟ್‌ವರ್ಕ್. ಹಸಿ ಚಿತ್ರದಿಂದ, ಧ್ವನಿಯಿಂದ ಮುಖ್ಯ ಲಕ್ಷಣಗಳನ್ನು ತಾನೇ ಹೆಕ್ಕಿಕೊಳ್ಳುವುದು ಅದರ ನಿಜವಾದ ಬಲ. ನಿಮ್ಮ ಸರ್ವೆ ರಿಜಿಸ್ಟರಿನಲ್ಲಿ ಆ ಹೆಕ್ಕುವ ಕೆಲಸವನ್ನು ಫೀಲ್ಡ್‌ಮನ್ ಆಗಲೇ ಮಾಡಿಟ್ಟಿದ್ದಾರೆ: ತಳಿ ಕೋ 62175 ಇಲ್ಲವೇ ವಿಸಿಎಫ್ 0517, ತನಿ ಇಲ್ಲವೇ ಕೂಳೆ, ನಾಟಿ ತಿಂಗಳು, ನಾಲೆ ನೀರೋ ಬೋರ್‌ವೆಲ್ಲೋ. ಇಂಥ ಕಾಲಂಗಳ ಮೂವತ್ತು ನಲವತ್ತು ಸಾವಿರ ಸಾಲುಗಳನ್ನು ಮರಗಳು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕೆಲವು ನಿಮಿಷಗಳಲ್ಲಿ ಕಲಿಯುತ್ತವೆ. ನಾಟಿ ತಿಂಗಳು ಖಾಲಿ ಬಿಟ್ಟಿದ್ದರೂ ಕೆಲಸ ನಿಲ್ಲದು. ನ್ಯೂರಲ್ ನೆಟ್‌ವರ್ಕ್‌ಗಾದರೆ ಖಾಲಿ ಜಾಗ ತುಂಬಬೇಕು, ಅಂಕಿಗಳನ್ನು ಒಂದೇ ಅಳತೆಗೆ ತರಬೇಕು. ಇಷ್ಟೆಲ್ಲ ಮಾಡಿದರೂ ಇಂಥ ಕೋಷ್ಟಕದಲ್ಲಿ ಅದು ಮರಗಳನ್ನು ಮೀರಿಸುವುದು ಅಪರೂಪ.

ನಿಜವಾದ ತೊಡಕು ಇರುವುದು ಬೇರೆ ಕಡೆ, ಮಾಡೆಲ್ ಕಲಿಯಬೇಕಾದ ಉತ್ತರದ, ಅಂದರೆ ಟನ್ನಿನ ಕಾಲಂನಲ್ಲಿ. ಕಾರ್ಖಾನೆಯ ಬಳಿ ಇರುವ ಟನ್ ಲೆಕ್ಕ ವೇಬ್ರಿಡ್ಜ್‌ನದು, ಗದ್ದೆಯದಲ್ಲ. ಎರಡು ಎಕರೆ ಒಪ್ಪಿಗೆ ಕಬ್ಬಿದೆ, ಎಕರೆಗೆ 45 ಟನ್ನಿನಂತೆ 90 ಟನ್ ಬೆಳೆದಿದೆ ಎನ್ನಿ. ಬೆಲ್ಲದ ದರ ಏರಿದಾಗ ರೈತರು 36 ಟನ್ನನ್ನು ಆಲೆಮನೆಗೆ ಹೊಡೆಸುತ್ತಾರೆ. ವೇಬ್ರಿಡ್ಜ್‌ಗೆ ಬಂದದ್ದು 54. ರಿಜಿಸ್ಟರಿನಲ್ಲಿ ಎಕರೆಗೆ 27 ಟನ್ ಎಂದು ಕೂತಿತು. ಚೆನ್ನಾಗಿ ಬೆಳೆದ ಗದ್ದೆಯನ್ನು ಮಾಡೆಲ್ ಬಡ ಗದ್ದೆ ಎಂದು ಕಲಿಯಿತು.

ಎರಡೂ ವಿಧಾನ ಇಲ್ಲಿ ಒಂದೇ ರೀತಿ ಮೋಸಹೋಗುತ್ತವೆ. ವ್ಯತ್ಯಾಸವಿರುವುದು ಮೋಸ ಬೇಗ ಕಣ್ಣಿಗೆ ಬೀಳುತ್ತದೆಯೇ ಎಂಬುದರಲ್ಲಿ. ಮರಗಳ ಮಾಡೆಲ್ಲಿನಲ್ಲಿ ಯಾವ ಕಾಲಂಗೆ ಎಷ್ಟು ತೂಕ ಬಂತು ಎಂಬ ಪಟ್ಟಿ ಕೂಡಲೇ ಸಿಗುತ್ತದೆ. ತಳಿ, ವಯಸ್ಸು, ನೀರು ಮೇಲಿರಬೇಕಾದ ಕಡೆ ಊರಿನ ಹೆಸರು ಮೊದಲ ಸ್ಥಾನದಲ್ಲಿ ಕೂತಿದ್ದರೆ ಅನುಮಾನ ಬರಲೇಬೇಕು. ಆ ಊರುಗಳ ಪಟ್ಟಿ ಹಿಡಿದು ಫೀಲ್ಡ್‌ಮನ್‌ರನ್ನು ಕೇಳಿ, 'ಅಲ್ಲೆಲ್ಲ ಆಲೆಮನೆ ಜಾಸ್ತಿ ಸಾರ್' ಎಂಬ ಉತ್ತರ ಬಂದರೆ ಕಾರಣ ಸಿಕ್ಕಂತೆ. ನ್ಯೂರಲ್ ನೆಟ್‌ವರ್ಕಿನಲ್ಲೂ ಇದನ್ನು ಹುಡುಕಬಹುದು. ಆದರೆ ಅದಕ್ಕೆ ಬೇರೆ ಸಾಧನ ಹೂಡಬೇಕು, ಪ್ರತಿ ಬದಲಾವಣೆಗೂ ಹೆಚ್ಚು ಹೊತ್ತು ಕಾಯಬೇಕು.

ಪರಿಹಾರಕ್ಕೆ ಮೊದಲು ಪ್ರಶ್ನೆಯನ್ನೇ ಸರಿಮಾಡಿಕೊಳ್ಳಿ. ಬೆಳೆ ಎಷ್ಟು ಎಂಬುದು ಬೇಕಿದ್ದರೆ ಕೆಲವು ತಾಕುಗಳಲ್ಲಿ ಅಳತೆ ಹಾಕಿದ ಜಾಗದ ಕಬ್ಬು ಕಡಿದು ತೂಗಿ, ಆ ಅಂಕಿಯಿಂದ ಕಲಿಸಬೇಕು. ಕಾರ್ಖಾನೆಗೆ ಎಷ್ಟು ಬರುತ್ತದೆ ಎಂಬುದೇ ಬೇಕಿದ್ದರೆ ವೇಬ್ರಿಡ್ಜ್ ಲೆಕ್ಕ ಸರಿಯೇ, ಜೊತೆಗೆ ಮಂಡ್ಯ ಎಪಿಎಂಸಿಯ ಬೆಲ್ಲದ ದರವನ್ನೂ ಒಂದು ಕಾಲಂ ಮಾಡಿ. ಅದನ್ನೂ ತೀರಾ ನಂಬಬೇಡಿ. ಸಾಲು ನಲವತ್ತು ಸಾವಿರವಿದ್ದರೂ ಹಂಗಾಮು ನಾಲ್ಕೇ ಇದ್ದರೆ, ದರದ ಏರಿಳಿತವನ್ನೂ ಮಳೆಯನ್ನೂ ಮಾಡೆಲ್ ಕಂಡದ್ದು ನಾಲ್ಕೇ ಸಲ. ಡೀಪ್ ಲರ್ನಿಂಗ್ ತಂದರೂ ಐದನೆಯ ಹಂಗಾಮು ಹುಟ್ಟಿಕೊಳ್ಳುವುದಿಲ್ಲ.

ಪರೀಕ್ಷೆ ಮಾಡುವಾಗಲೂ ಇದೇ ಎಚ್ಚರ ಬೇಕು. ಸಾಲುಗಳನ್ನು ಕಲಸಿ ಕಲಿಕೆಗೆ ಕೆಲವು, ಪರೀಕ್ಷೆಗೆ ಕೆಲವು ಎಂದು ಬೇರ್ಪಡಿಸಿದರೆ ಒಂದೇ ಗದ್ದೆಯ, ಒಂದೇ ಹಂಗಾಮಿನ ನೆರೆಹೊರೆ ಎರಡೂ ಕಡೆ ಸೇರಿ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಕೊನೆಯ ಹಂಗಾಮನ್ನು ಪೂರ್ತಿ ಹೊರಗಿಡಿ:

```python
train = df[df["season"] < 2024]
test = df[df["season"] == 2024]
```

ಡೀಪ್ ಲರ್ನಿಂಗ್‌ಗೆ ದುಡ್ಡು ಹಾಕಬೇಕಾದ ಜಾಗವೂ ಕಬ್ಬಿನಲ್ಲೇ ಇದೆ: ಕೆಂಪು ಕೊಳೆ ರೋಗವನ್ನು ಫೋಟೋದಿಂದ ಗುರುತಿಸುವುದು. ಲಕ್ಷಾಂತರ ಸಾಮಾನ್ಯ ಚಿತ್ರಗಳಿಂದ ಮೊದಲೇ ಕಲಿತ ನೆಟ್‌ವರ್ಕ್ ತೆಗೆದುಕೊಂಡು, ನಿಮ್ಮ ಫೋಟೋಗಳಿಂದ ಕೊನೆಯ ಪದರಗಳನ್ನಷ್ಟೇ ತಿದ್ದಿದರೆ ಆಯಿತು, ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಗಂಟೆ ಬಾಡಿಗೆಗೆ ಸಿಗುತ್ತದೆ. ಆದರೆ ಎಲೆಯ ಫೋಟೋ ಸಾಲದು. ಜಲ್ಲೆ ಸೀಳಿದಾಗ ಒಳಗಿನ ಕೆಂಪು, ಅದರ ನಡುವೆ ಅಡ್ಡಡ್ಡ ಬಿಳಿ ಪಟ್ಟಿ ಕಾಣುವಂತೆ ತೆಗೆದಿರಬೇಕು. ರೋಗದ ಚಿತ್ರಗಳೆಲ್ಲ ಒಂದೇ ಗದ್ದೆಯವಾದರೆ ನೆಟ್‌ವರ್ಕ್ ರೋಗದ ಬದಲು ಆ ಗದ್ದೆಯ ಮಣ್ಣನ್ನು ಗುರುತು ಹಿಡಿಯುತ್ತದೆ.

ಟನ್ ಅಂದಾಜಿಗಾದರೆ ಒಂದು ಲ್ಯಾಪ್‌ಟಾಪ್, ಮಾಡೆಲ್ ಕಟ್ಟುವವರೊಬ್ಬರು, ಉಳಿದ ಹಣವೆಲ್ಲ ಗದ್ದೆಯ ಅಳತೆಗೆ. ಯಾರೇ ಡೀಪ್ ಲರ್ನಿಂಗ್ ಕೊಟೇಶನ್ ತಂದರೂ ಹೊರಗಿಟ್ಟ ಹಂಗಾಮಿನ ಮೇಲೆ ಮೂರು ಅಂಕಿ ಕೇಳಿ: ಅವರ ಮಾಡೆಲ್ ಎಕರೆಗೆ ಎಷ್ಟು ಟನ್ ತಪ್ಪಿತು, ಮರಗಳ ಮಾಡೆಲ್ ಎಷ್ಟು ತಪ್ಪಿತು, ಫೀಲ್ಡ್‌ಮನ್‌ರ ಕಣ್ಣಂದಾಜು ಎಷ್ಟು ತಪ್ಪಿತು. ಉಳಿದೆರಡಕ್ಕಿಂತಲೂ ಮೊದಲನೆಯದು ಕಡಿಮೆಯಾಗಿರದಿದ್ದರೆ ಸಹಿ ಹಾಕಬೇಡಿ.