ವಿಪಿಎನ್‌ ಪಟ್ಟಿಯ ‘ಭಾರತ’ ಮತ್ತು ನಮ್ಮೂರ ಬ್ಯಾಂಕ್ ಆ್ಯಪ್

ನಾವು ಆರಿಸಿದ ದೇಶದ ಸರ್ವರ್ ಮೂಲಕ ಇಂಟರ್ನೆಟ್ ಹಾಯಿಸುವ, ನಾನು ವಾರ್ಷಿಕ ಚಂದಾ ಕಟ್ಟಿ ಬಳಸುತ್ತಿರುವ ಈ ವಿಪಿಎನ್‌ನ ವೇಗದ ಬಗ್ಗೆ ನನಗೆ ದೂರಿಲ್ಲ. ದೂರಿರುವುದು ಅದರ ದೇಶಗಳ ಪಟ್ಟಿಯಲ್ಲಿ ಕಾಣುವ ‘ಭಾರತ’ದ ಬಗ್ಗೆ.

ಶಿರಸಿಯ ತೋಟದ ಅಡಿಕೆಯ ಹಣ ಖಾತೆಗೆ ಜಮಾ ಆಯಿತೇ ಎಂದು ಬೆಳಿಗ್ಗೆ ಕಷಾಯ ಕುಡಿಯುತ್ತ ನೋಡಿಕೊಳ್ಳುವುದು ನನ್ನ ರೂಢಿ, ಜರ್ಮನಿಯಲ್ಲಿ ಮಗಳ ಮನೆಯಲ್ಲಿದ್ದಾಗಲೂ ಅದು ತಪ್ಪುವುದಿಲ್ಲ. ನನ್ನ ಬ್ಯಾಂಕಿನ ಆ್ಯಪ್ ಅಲ್ಲಿನ ವೈಫೈನಲ್ಲಿ ನೇರವಾಗಿ ತೆರೆಯದ ಕಾರಣ ಭಾರತದ ಸರ್ವರ್ ಆರಿಸಿಕೊಳ್ಳುತ್ತಿದ್ದೆ. ಕೆಲವು ವಾರ ಸುಸೂತ್ರವಾಗಿ ನಡೆದು, ಒಂದು ದಿನ ಭದ್ರತೆಯ ಕಾರಣಕ್ಕೆ ಲಾಗಿನ್ ತಡೆಹಿಡಿಯಲಾಗಿದೆ ಎಂಬ ಸಂದೇಶ ಬಂತು. ಗ್ರಾಹಕ ಸೇವೆಯವರಿಗೆ ಅರ್ಧ ತಾಸು ಉತ್ತರ ಕೊಟ್ಟ ಮೇಲೆ ಖಾತೆ ತೆರೆಯಿತು.

ಸಿಟ್ಟಿನಿಂದಲೇ ಐಪಿ ವಿಳಾಸ ತೋರಿಸುವ ಜಾಲತಾಣ ತೆರೆದು ನೋಡಿದೆ. ದೇಶ ಭಾರತವೆಂದೇ ಇತ್ತು, ಆದರೆ ವಿಳಾಸದ ಒಡೆತನ ಯಾವುದೋ ಡೇಟಾ ಸೆಂಟರಿನದು. ಪಿಂಗ್, ಅಂದರೆ ಸಂಕೇತ ಸರ್ವರ್ ತನಕ ಹೋಗಿ ಮರಳಲು ಹಿಡಿಯುವ ಸಮಯ, 20 ಮಿಲಿಸೆಕೆಂಡಿನ ಆಸುಪಾಸಿನಲ್ಲಿತ್ತು. ಜರ್ಮನಿಯಿಂದ ಭಾರತಕ್ಕೆ ಹೋಗಿ ಬರಲು ಬೆಳಕಿಗೂ ಅಷ್ಟು ಸಮಯ ಸಾಲದು, ಅಂದರೆ ಯಂತ್ರ ಯುರೋಪಿನಲ್ಲೇ ಇದೆ. ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು 2022ರಲ್ಲಿ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶಿಸಿದ ಮೇಲೆ ಹಲವು ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದು, ಹೊರದೇಶದ ಯಂತ್ರಗಳಿಗೆ ಭಾರತದ ವಿಳಾಸ ಕೊಟ್ಟಿವೆ.

ಇಲ್ಲಿಗೆ ಬ್ಯಾಂಕಿನ ಮೇಲಿನ ನನ್ನ ಸಿಟ್ಟು ತಣಿಯಿತು. ಮನೆಯ ಬ್ರಾಡ್‌ಬ್ಯಾಂಡೂ ಅಲ್ಲದ, ಮೊಬೈಲ್ ಕಂಪನಿಯದೂ ಅಲ್ಲದ ಒಂದೇ ವಿಳಾಸದಿಂದ ನೂರಾರು ಅಪರಿಚಿತರು ಒಳಬಂದರೆ, ಕಳ್ಳರೂ ಅದೇ ಬಾಗಿಲಲ್ಲಿ ಬರುತ್ತಾರೆಂದು ತಿಳಿದ ಬ್ಯಾಂಕು ಅನುಮಾನಿಸದೆ ಇರಲಾರದು. ವೈಫೈ ಬದಲಾಗುವಾಗ ವಿಪಿಎನ್ ಕೆಲವು ಕ್ಷಣ ಕಡಿದುಹೋದರಂತೂ ಒಂದೇ ಲಾಗಿನ್ ಮೊದಲು ಭಾರತದಿಂದ, ಮರುಕ್ಷಣ ಜರ್ಮನಿಯಿಂದ ಬಂದಂತೆ ಅದಕ್ಕೆ ಕಾಣುತ್ತದೆ.

ಈಗ ಶಿರಸಿಯ ಮನೆಯ ಫೈಬರ್ ರೂಟರಿಗೆ ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಜೋಡಿಸಿ, ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ತಂತ್ರಾಂಶದಲ್ಲಿ ಅದನ್ನು ‘ಎಕ್ಸಿಟ್ ನೋಡ್’ ಮಾಡಿಕೊಂಡಿದ್ದೇನೆ, ಅಂದರೆ ಜರ್ಮನಿಯಲ್ಲಿರುವ ನನ್ನ ಫೋನಿನ ಇಂಟರ್ನೆಟ್ ಆ ಮನೆಯ ಮೂಲಕವೇ ಹೊರಹೋಗುತ್ತದೆ. ನಮ್ಮ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ಐಪಿ ಇಲ್ಲದಿದ್ದರೂ ಇದು ನಡೆಯುತ್ತದೆ, ಬ್ಯಾಂಕಿಗೆ ಕಾಣುವುದು ಊರಿನಲ್ಲಿದ್ದಾಗ ಕಾಣುವಂಥದೇ ವಿಳಾಸ. ಮಳೆಗಾಲದಲ್ಲಿ ಕರೆಂಟು ಹೋದರೆ ಮಾತ್ರ ಎಲ್ಲವೂ ನಿಂತುಹೋಗುತ್ತದೆ. ಆಗ ತಮ್ಮನಿಗೆ ಫೋನು ಮಾಡಿ, “ಮಾರಾಯಾ, ಆ ಇನ್ವರ್ಟರ್ ಸ್ವಿಚ್ ಒಂದು ಹಾಕು” ಎನ್ನಬೇಕು.

ಇನ್ನೊಂದು ಬ್ಯಾಂಕಿನ ಆ್ಯಪ್, ಫೋನಿನಲ್ಲಿ ಯಾವುದೇ ವಿಪಿಎನ್ ಚಾಲೂ ಇದ್ದರೂ ತೆರೆಯುವುದಿಲ್ಲ. ಅದಕ್ಕೆ ಭಾರತದ ಸಿಮ್ಮಿನ ರೋಮಿಂಗ್ ಡೇಟಾವನ್ನು ಐದು ನಿಮಿಷ ಹಾಕಿಕೊಳ್ಳುತ್ತೇನೆ, ಏಕೆಂದರೆ ರೋಮಿಂಗ್ ಡೇಟಾ ಸಾಮಾನ್ಯವಾಗಿ ಊರಿನ ಕಂಪನಿಯ ಮೂಲಕವೇ ಸಾಗುವುದರಿಂದ ವಿಳಾಸವೂ ಭಾರತದ್ದೇ ಇರುತ್ತದೆ. ಒಟಿಪಿಗಾಗಿ ಆ ಸಿಮ್ ಹೇಗೂ ಚಾಲೂ ಇರಲೇಬೇಕು. ವಿಪಿಎನ್ ಚಂದಾವನ್ನು ಈ ವರ್ಷ ನವೀಕರಿಸುವುದಿಲ್ಲ.